ಒಂಟಿ ಸೀಳುಗಂಡಿಯ ವಿವರ್ತನೆ ಮತ್ತು ಫೂರಿಯೆ ರೂಪಾಂತರ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳೆಲ್ಲ ಒಂದೇ ಪ್ರಯೋಗವನ್ನು ಹಿಡಿದು ನಡೆಯುತ್ತವೆ. 632.8 ನ್ಯಾನೋಮೀಟರ್ ತರಂಗಾಂತರದ ಹೀಲಿಯಂ-ನಿಯಾನ್ ಲೇಸರ್, 0.1 ಮಿಲಿಮೀಟರ್ ಅಗಲದ ನೆಟ್ಟಗಿನ ಸೀಳುಗಂಡಿ, ಅದರಿಂದ 2 ಮೀಟರ್ ದೂರದಲ್ಲಿ ಬಿಳಿ ಪರದೆ. ಬೇರೆ ಅಳತೆ ಬೇಕಾದ ಕಡೆ ಅದನ್ನು ಅಲ್ಲಿಯೇ ಹೇಳಿದ್ದೇನೆ. ಸೂತ್ರಗಳಲ್ಲಿ `a` ಸೀಳುಗಂಡಿಯ ಅಗಲ, `λ` ತರಂಗಾಂತರ, `L` ಪರದೆಯ ದೂರ, `x` ಸೀಳುಗಂಡಿಯ ಮೇಲಿನ ಸ್ಥಾನ, `X` ಪರದೆಯ ಮೇಲಿನ ಸ್ಥಾನ.

ಬೆಳಕಿನ ಪ್ರಯೋಗದಲ್ಲಿ ಫೂರಿಯೆ ರೂಪಾಂತರ ಎಲ್ಲಿಂದ ಬಂತು?

ದಾರಿಯ ಉದ್ದದಿಂದ ಬಂತು. ಸೀಳುಗಂಡಿಯ ಪ್ರತಿ ಬಿಂದುವೂ ಪರದೆಯ ಒಂದೊಂದು ಬಿಂದುವಿಗೂ ತನ್ನ ಪಾಲಿನ ಅಲೆಯನ್ನು ಕಳಿಸುತ್ತದೆ. `x` ಎಂಬಲ್ಲಿಂದ ಹೊರಟ ಅಲೆ `X` ಎಂಬಲ್ಲಿಗೆ ತಲುಪಲು ಕ್ರಮಿಸುವ ದೂರವನ್ನು ಪೈಥಾಗೊರಸ್ ಪ್ರಮೇಯದಿಂದ ಬರೆದು, ಕೋನಗಳು ಚಿಕ್ಕವು ಎಂದು ಬಿಡಿಸಿದರೆ ನಾಲ್ಕು ತುಂಡುಗಳು ಸಿಗುತ್ತವೆ:

```
r ≈ L + X²/2L − xX/L + x²/2L
```

ಮೊದಲ ಎರಡು ತುಂಡುಗಳಲ್ಲಿ `x` ಇಲ್ಲ. ಪರದೆಯ ಒಂದು ಬಿಂದುವಿಗೆ ಬರುವ ಎಲ್ಲ ಅಲೆಗಳಿಗೂ ಅವು ಸಮಾನ. ಆದ್ದರಿಂದ ಪ್ರಕಾಶದಲ್ಲಿ ಅವುಗಳ ಗುರುತೇ ಉಳಿಯುವುದಿಲ್ಲ. ನಾಲ್ಕನೆಯ ತುಂಡನ್ನು ಪರದೆ ಸಾಕಷ್ಟು ದೂರವಿದ್ದರೆ ಬಿಡಬಹುದು. ಅದರ ವಿಚಾರ ಮುಂದಿನ ಪ್ರಶ್ನೆಯಲ್ಲಿ ಬರುತ್ತದೆ. ಇಡೀ ಕಥೆ ಇರುವುದು ಮೂರನೆಯ ತುಂಡಿನಲ್ಲಿ: ಪ್ರಾವಸ್ಥೆ `x`ಗೆ ನೇರ ಅನುಪಾತದಲ್ಲಿ ಬದಲಾಗುತ್ತದೆ, ಎಷ್ಟು ವೇಗವಾಗಿ ಬದಲಾಗುತ್ತದೆ ಎಂಬುದನ್ನು `X` ನಿರ್ಧರಿಸುತ್ತದೆ. `u = X/(λL)` ಎಂದು ಬರೆದುಕೊಂಡು, ಸೀಳುಗಂಡಿಯ ಮೇಲಿನ ಎಲ್ಲ ಅಲೆಗಳನ್ನು ಕೂಡಿಸಿದರೆ ಹೀಗಾಗುತ್ತದೆ:

```
E(u) = ∫ t(x) · exp(−i2πux) dx
```

ಇಲ್ಲಿ `t(x)` ಗಂಡಿಯ ವರ್ಣನೆ: ಬೆಳಕು ಹಾಯುವಲ್ಲಿ 1, ತಡೆಯುವಲ್ಲಿ 0. ಮೇಲಿನ ಸಾಲು ಫೂರಿಯೆ ರೂಪಾಂತರದ ವ್ಯಾಖ್ಯೆಯೇ ಆಗಿದೆ, ಅದರಂತೆ ಕಾಣುವ ಇನ್ನೇನೋ ಅಲ್ಲ. `u` ಎಂಬುದು ದೈಶಿಕ ಆವೃತ್ತಿ, ಅಂದರೆ ಸೀಳುಗಂಡಿಯ ಅಗಲದಲ್ಲಿ ಒಂದು ಮಿಲಿಮೀಟರಿಗೆ ಎಷ್ಟು ಸುತ್ತು ಪ್ರಾವಸ್ಥೆ ತಿರುಗುತ್ತದೆ ಎಂಬ ಲೆಕ್ಕ. ಪರದೆಯ ಪ್ರತಿ ಬಿಂದುವೂ ಒಂದು ದೈಶಿಕ ಆವೃತ್ತಿಗೆ ಮೀಸಲು. ನಮ್ಮ ಪ್ರಯೋಗದಲ್ಲಿ ನಡುವಿನಿಂದ 12.66 ಮಿಲಿಮೀಟರ್ ಆಚೆಗಿರುವ ಬಿಂದು ಮಿಲಿಮೀಟರಿಗೆ 10 ಸುತ್ತಿನ ಆವೃತ್ತಿಯದು. 0.1 ಮಿಲಿಮೀಟರಿನ ಗಂಡಿಯಲ್ಲಿ ಆ ಪ್ರಾವಸ್ಥೆ ಸರಿಯಾಗಿ ಒಂದು ಪೂರ್ತಿ ಸುತ್ತು ತಿರುಗುತ್ತದೆ. ಗಂಡಿಯ ಎಡ ಅರ್ಧದ ಪ್ರತಿ ಬಿಂದುವಿಗೂ ಬಲ ಅರ್ಧದಲ್ಲಿ ಅದಕ್ಕೆ ತದ್ವಿರುದ್ಧವಾದ ಜೊತೆಗಾರ ಬಿಂದು ಸಿಗುತ್ತದೆ, ಮೊತ್ತ ಸೊನ್ನೆ. ಮೊದಲ ಕಪ್ಪು ಪಟ್ಟಿ ಬೀಳುವುದು ಅಲ್ಲಿಯೇ.

"ದೂರ" ಎಂದರೆ ಎಷ್ಟು ದೂರ?

ಕೈಬಿಟ್ಟ ನಾಲ್ಕನೆಯ ತುಂಡು ಎಷ್ಟು ಚಿಕ್ಕದು ಎಂದು ನೋಡಿದರೆ ಉತ್ತರ ಸಿಗುತ್ತದೆ. ಗಂಡಿಯ ಅಂಚಿನಲ್ಲಿ, `x = a/2` ಆದಾಗ, ಅದು ತರುವ ಪ್ರಾವಸ್ಥೆಯ ದೋಷ `πa²/(4λL)` ರೇಡಿಯನ್. ಹಾಗಾಗಿ ಹೋಲಿಸಬೇಕಾದ ದೂರ `a²/λ`.

0.1 ಮಿಲಿಮೀಟರ್ ಗಂಡಿಗೆ ಇದು ಬರೀ 1.6 ಸೆಂಟಿಮೀಟರ್. 2 ಮೀಟರಿನಲ್ಲಿ ಪರದೆ ಇಟ್ಟರೆ ದೋಷ ಒಂದು ರೇಡಿಯನ್ನಿನ ನೂರರಲ್ಲೊಂದು ಭಾಗವೂ ಇಲ್ಲ, ಧಾರಾಳವಾಗಿ ದೂರ. ಆದರೆ `a` ವರ್ಗವಾಗಿ ಬರುವುದನ್ನು ಮರೆಯಬಾರದು. ಗಂಡಿಯನ್ನು 1 ಮಿಲಿಮೀಟರಿಗೆ ಅಗಲಿಸಿದರೆ `a²/λ` 1.58 ಮೀಟರ್ ಆಗುತ್ತದೆ. ಅದೇ 2 ಮೀಟರ್ ಈಗ ದೂರವೇ ಅಲ್ಲ. ಅಂಚಿನಲ್ಲಿ ಪ್ರಾವಸ್ಥೆ 0.62 ರೇಡಿಯನ್, ಅಂದರೆ ಸುಮಾರು 36 ಡಿಗ್ರಿ ತಪ್ಪುತ್ತದೆ.

ಇದು ಕಣ್ಣಿಗೆ ಹೇಗೆ ಕಾಣುತ್ತದೆ? ಕಪ್ಪು ಪಟ್ಟಿಗಳು ಕಪ್ಪಾಗಿ ಉಳಿಯುವುದಿಲ್ಲ. ಈ 1 ಮಿಲಿಮೀಟರ್ ಗಂಡಿಯ ಲೆಕ್ಕ ಹಾಕಿದರೆ, ಮೊದಲ ಕನಿಷ್ಠ ಇರಬೇಕಾದ ಜಾಗದಲ್ಲಿ ನಡುವಿನ ಪ್ರಕಾಶದ ಶೇಕಡಾ ಒಂದೂವರೆಯಷ್ಟು ಬೆಳಕು ಉಳಿದಿರುತ್ತದೆ. ಅದರ ಪಕ್ಕದ ಬೆಳಕಿನ ಪಟ್ಟಿಯೇ ಶೇ 4.7 ಮಾತ್ರ ಇರುವುದರಿಂದ ಈ ಮಸುಕು ಎದ್ದು ಕಾಣುತ್ತದೆ. ಕನಿಷ್ಠಗಳು ತುಂಬಿಕೊಂಡಿದ್ದರೆ ಮೊದಲು ಪರದೆಯನ್ನು ಹಿಂದಕ್ಕೆ ಒಯ್ದು ನೋಡಿ. ಕಪ್ಪು ಗಾಢವಾದರೆ ಕಾರಣ ಇದೇ.

ಅಷ್ಟು ಜಾಗವಿಲ್ಲದಿದ್ದರೆ ಮಸೂರ ಇಡಬಹುದೇ?

ಧಾರಾಳವಾಗಿ. ಪೀನ ಮಸೂರ ಒಂದೊಂದು ದಿಕ್ಕಿಗೆ ಹೋಗುವ ಬೆಳಕನ್ನು ತನ್ನ ಸಂಗಮ ತಲದ ಒಂದೊಂದು ಬಿಂದುವಿಗೆ ಸೇರಿಸುತ್ತದೆ. ಅನಂತ ದೂರದಲ್ಲಿ ಕಾಣಬೇಕಾದ ಚಿತ್ರ ಅಲ್ಲಿ ಮೂಡುತ್ತದೆ. ಸೂತ್ರದಲ್ಲಿ `L` ಇದ್ದಲ್ಲೆಲ್ಲ ಸಂಗಮದೂರ `f` ಹಾಕಿದರೆ ಆಯಿತು. 50 ಸೆಂಟಿಮೀಟರ್ ಸಂಗಮದೂರದ ಮಸೂರವಾದರೆ ಮೊದಲ ಕಪ್ಪು ಪಟ್ಟಿ ನಡುವಿನಿಂದ 3.16 ಮಿಲಿಮೀಟರ್ ಆಚೆಗೆ ಬೀಳುತ್ತದೆ. ಈ ಬಗೆಯ ವಿವರ್ತನೆಗೆ ಹೆಸರು ಕೊಟ್ಟ ಬವೇರಿಯಾದ ಯೋಸೆಫ್ ಫ್ರೌನ್‌ಹೋಫರ್ 1820ರ ದಶಕದ ಆರಂಭದಲ್ಲಿ ಸೀಳುಗಂಡಿಗಳನ್ನು ದೂರದರ್ಶಕದ ಮೂಲಕ ನೋಡಿ ಅಳೆದದ್ದು ಇದೇ ಕಾರಣದಿಂದ ಫಲಿಸಿತು: ದೂರದರ್ಶಕದ ಮಸೂರವೇ "ದೂರ"ವನ್ನು ಹತ್ತಿರಕ್ಕೆ ತಂದುಕೊಟ್ಟಿತು.

ಮಸೂರದ ವ್ಯಾಸ ಮಾತ್ರ ನೋಡಿಕೊಳ್ಳಬೇಕು. ಅಂಚಿನ ಪಟ್ಟಿಗಳ ಬೆಳಕು ಮಸೂರದ ಹೊರಗೆ ಹೋದರೆ ಆ ಆವೃತ್ತಿಗಳು ಚಿತ್ರದಲ್ಲಿ ಇರುವುದೇ ಇಲ್ಲ.

ರೂಪಾಂತರದ ಫಲ ಏನು? ಪರದೆಯಲ್ಲಿ ಯಾವ ಪಟ್ಟಿ ಎಲ್ಲಿ?

ಸೀಳುಗಂಡಿಯ `t(x)` ಒಂದು ಆಯತ. ಅದರ ರೂಪಾಂತರ:

```
E(u) = a · sin(πau)/(πau)
I(u) = |E(u)|²
```

`au` ಪೂರ್ಣಾಂಕವಾದಲ್ಲೆಲ್ಲ, ನಡುವಿನ ಸೊನ್ನೆಯನ್ನು ಬಿಟ್ಟು, ಕಪ್ಪು. ನಮ್ಮ ಪರದೆಯಲ್ಲಿ ಅವು ಎರಡೂ ಕಡೆ 12.66, 25.31, 37.97 ಮಿಲಿಮೀಟರುಗಳಲ್ಲಿ, ಸಮಾನ ಅಂತರದಲ್ಲಿ ಬೀಳುತ್ತವೆ. ನಡುವಿನ ಪಟ್ಟಿ ಮಾತ್ರ 25.3 ಮಿಲಿಮೀಟರ್, ಪಕ್ಕದವುಗಳ ಎರಡರಷ್ಟು ಅಗಲ. ಹಾದುಬಂದ ಬೆಳಕಿನ ಶೇ 90ರಷ್ಟು ಆ ನಡುವಿನ ಪಟ್ಟಿಯಲ್ಲಿಯೇ ಇರುತ್ತದೆ.

ಅಳೆಯುವಾಗ ನಡುವಿನಿಂದ ಮೊದಲ ಕಪ್ಪಿಗೆ ಅಳೆಯಬೇಡಿ. ನಡು ಎಲ್ಲಿದೆ ಎಂದು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ಎಡದ ಮೂರನೆಯ ಕಪ್ಪಿನಿಂದ ಬಲದ ಮೂರನೆಯ ಕಪ್ಪಿಗೆ ಅಳೆಯಿರಿ. ಅದು 76 ಮಿಲಿಮೀಟರ್ ಬಂತು ಎನ್ನೋಣ. ಆಗ `a = 6λL/0.076`, ಅಂದರೆ 0.0999 ಮಿಲಿಮೀಟರ್. ಸ್ಕೇಲಿನಲ್ಲಿ 1 ಮಿಲಿಮೀಟರ್ ತಪ್ಪಿದರೂ ಉತ್ತರ ಶೇ 1.3ರಷ್ಟು ಮಾತ್ರ ಅಲುಗಾಡುತ್ತದೆ.

ಪಕ್ಕದ ಬೆಳಕಿನ ಪಟ್ಟಿಗಳ ಗರಿಷ್ಠ ಎರಡು ಕಪ್ಪುಗಳ ನಟ್ಟನಡುವೆ ಇರುತ್ತದೆಯೇ?

ಇಲ್ಲ, ಸ್ವಲ್ಪ ಒಳಕ್ಕೆ, ನಡುವಿನ ಪಟ್ಟಿಯ ಕಡೆಗೆ ವಾಲಿರುತ್ತದೆ. `au` 1.5, 2.5 ಎಂದು ಹಲವರು ಬರೆಯುತ್ತಾರೆ, ನಿಜವಾದ ಬೆಲೆ 1.430 ಮತ್ತು 2.459. ಅಲ್ಲಿನ ತೀವ್ರತೆ ನಡುವಿನದರ ಶೇ 4.7 ಮತ್ತು ಶೇ 1.65.

ಗಂಡಿ ಕಿರಿದಾದಷ್ಟೂ ಚಿತ್ರ ಅಗಲವಾಗುತ್ತದೆ. ಹಾಗಾದರೆ ನಡುವಿನ ಪ್ರಕಾಶ ಅಗಲಕ್ಕೆ ತಕ್ಕಂತೆ ಅರ್ಧವಾಗುತ್ತದೆಯೇ?

ಅರ್ಧವಲ್ಲ, ಕಾಲು ಭಾಗ. `E(0)` ಎಂದರೆ ಗಂಡಿಯ ಒಟ್ಟು ವಿಸ್ತಾರ, `a`. ತೀವ್ರತೆ ಅದರ ವರ್ಗ. ಅಗಲ ಅರ್ಧವಾದಾಗ ನಡುವಿನ ತೀವ್ರತೆ ಕಾಲಾಗುತ್ತದೆ, ಚಿತ್ರ ಎರಡರಷ್ಟು ಹರಡುತ್ತದೆ, ಎರಡನ್ನೂ ಗುಣಿಸಿದರೆ ಒಟ್ಟು ಬೆಳಕು ಅರ್ಧ. ಗಂಡಿಯಲ್ಲಿ ಹಾದದ್ದೂ ಅರ್ಧವೇ, ಲೆಕ್ಕ ತಾಳೆಯಾಯಿತು. ಕಿರಿದಾದ ಗಂಡಿಯ ಚಿತ್ರ ಅಷ್ಟೊಂದು ಮಂಕಾಗಿ ಕಂಡು ಗಾಬರಿ ಹುಟ್ಟಿಸುವುದು ಈ ಕಾಲು ಭಾಗದಿಂದ.

ಸೀಳುಗಂಡಿಯನ್ನು ಪಕ್ಕಕ್ಕೆ ಸರಿಸಿದರೆ ಚಿತ್ರವೂ ಸರಿಯಬೇಕಲ್ಲವೇ?

ಮಸೂರದ ಸಂಗಮ ತಲದಲ್ಲಿ ನೋಡುತ್ತಿದ್ದರೆ ಸರಿಯುವುದಿಲ್ಲ. ಗಂಡಿಯನ್ನು `d`ಯಷ್ಟು ಸರಿಸಿದರೆ ರೂಪಾಂತರಕ್ಕೆ `exp(−i2πud)` ಎಂಬ ಗುಣಕ ಸೇರುತ್ತದೆ. ಅದರ ಪರಿಮಾಣ ಎಲ್ಲೆಡೆ 1, ವರ್ಗ ಮಾಡಿದಾಗ ಮಾಯ. ಲೇಸರ್ ಕಿರಣದೊಳಗೆ ಗಂಡಿಯನ್ನು ಅತ್ತಿತ್ತ ಆಡಿಸಿ ನೋಡಿ: ಪ್ರಕಾಶ ಏರಿಳಿಯಬಹುದು, ಪಟ್ಟಿಗಳು ಇದ್ದಲ್ಲಿಯೇ ಇರುತ್ತವೆ. ಮಸೂರವಿಲ್ಲದ ಪರದೆಯ ಮೇಲೆ ಚಿತ್ರ ಗಂಡಿ ಸರಿದಷ್ಟೇ ಸರಿಯುತ್ತದೆ. ಅರ್ಧ ಮಿಲಿಮೀಟರ್ ಸರಿದದ್ದು 25 ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ ಗೊತ್ತಾಗುವುದಿಲ್ಲ, ಅಷ್ಟೆ.

ಲೇಸರ್ ಕಿರಣವನ್ನೇ ಓರೆ ಮಾಡಿದರೆ ಮಾತು ಬೇರೆ. ಆಗ ಗಂಡಿಯ ಮೇಲೆಯೇ ಓರೆಯಾದ ಪ್ರಾವಸ್ಥೆ ಬೀಳುತ್ತದೆ, ಇಡೀ ಚಿತ್ರ ಆ ಕೋನದಷ್ಟು ಸರಿಯುತ್ತದೆ. ಸ್ಥಾನ ಸರಿದರೆ ಪ್ರಾವಸ್ಥೆ ಓರೆ, ಪ್ರಾವಸ್ಥೆ ಓರೆಯಾದರೆ ಸ್ಥಾನ ಸರಿಯುತ್ತದೆ. ಈ ಜೋಡಿಯನ್ನು ಪ್ರಯೋಗದ ಮೇಜಿನ ಮೇಲೆ ಒಮ್ಮೆ ಕೈಯಾರೆ ಮಾಡಿ ನೋಡಿದವರಿಗೆ ರೂಪಾಂತರದ ಸರಿತದ ನಿಯಮ ಮತ್ತೆ ಮರೆಯುವುದಿಲ್ಲ.

ಚಿತ್ರದಿಂದ ಹಿಂದಕ್ಕೆ ಹೋಗಿ ಸೀಳುಗಂಡಿಯ ಆಕಾರವನ್ನು ಪಡೆಯಬಹುದೇ?

ಈ ಪುಟದ ಅತಿ ಮುಖ್ಯ ಪ್ರಶ್ನೆ ಇದು ಎಂದು ನನಗನ್ನಿಸುತ್ತದೆ. ಫೂರಿಯೆ ರೂಪಾಂತರಕ್ಕೆ ವಿಲೋಮ ಇದೆ, ಆದ್ದರಿಂದ ತೀವ್ರತೆಯನ್ನು ಅಳೆದು ವಿಲೋಮ ಮಾಡಿದರೆ ಆಯತ ಸಿಗಬೇಕು ಎಂದು ಹಲವರು ನಿರೀಕ್ಷಿಸುತ್ತಾರೆ. ಸಿಗುವುದು ತ್ರಿಕೋನ. ಅದರ ತಳ `2a`, ನಮ್ಮ ಪ್ರಯೋಗದಲ್ಲಿ 0.2 ಮಿಲಿಮೀಟರ್.

ಕಾರಣ, ಪರದೆಯ ಮೇಲೆ ಕಾಣುವುದು ರೂಪಾಂತರವಲ್ಲ, ಅದರ ಪರಿಮಾಣದ ವರ್ಗ. ವರ್ಗವನ್ನು ವಿಲೋಮ ಮಾಡಿದಾಗ ಬರುವುದು ಗಂಡಿಯ ಸ್ವಸಹಸಂಬಂಧ: ಗಂಡಿಯ ಒಂದು ಪ್ರತಿಯನ್ನು ಇನ್ನೊಂದರ ಮೇಲೆ ಜಾರಿಸುತ್ತ, ಪ್ರತಿ ಹೆಜ್ಜೆಗೂ ಎಷ್ಟು ಭಾಗ ಒಂದರ ಮೇಲೊಂದು ಕೂತಿದೆ ಎಂದು ಬರೆದುಕೊಳ್ಳುವುದು. ಎರಡು ಸಮಾನ ಆಯತಗಳು ಪೂರ್ತಿ ಕೂತಾಗ ಗರಿಷ್ಠ, `a`ಯಷ್ಟು ಜಾರಿದಾಗ ಸೊನ್ನೆ, ನಡುವೆ ನೇರ ಇಳಿಜಾರು. ಅದೇ ತ್ರಿಕೋನ.

ಕಳೆದುಹೋದದ್ದು ಪ್ರಾವಸ್ಥೆ. ನಮ್ಮ ಗಂಡಿಯಲ್ಲಿ ಕಳೆದುಹೋದದ್ದು ಬಹಳ ಸರಳ: `sin(πau)/(πau)` ನಡುವಿನ ಪಟ್ಟಿಯಲ್ಲಿ ಧನ, ಮೊದಲ ಪಕ್ಕದ ಪಟ್ಟಿಯಲ್ಲಿ ಋಣ, ಅದರಾಚೆ ಮತ್ತೆ ಧನ. ಒಂದೊಂದು ಕಪ್ಪು ಗೆರೆ ದಾಟಿದಾಗಲೂ ಚಿಹ್ನೆ ತಿರುಗುತ್ತದೆ. ಗಂಡಿ ಎಡಬಲ ಸಮಾನವಾಗಿದೆ ಎಂದು ಮೊದಲೇ ಗೊತ್ತಿದ್ದರೆ, `E` ವಾಸ್ತವ ಸಂಖ್ಯೆ ಎಂದು ಖಚಿತ. ಆಗ ತೀವ್ರತೆಯ ವರ್ಗಮೂಲ ತೆಗೆದು, ಪ್ರತಿ ಕಪ್ಪು ಗೆರೆಯಲ್ಲಿ ಚಿಹ್ನೆಯನ್ನು ಕೈಯಿಂದ ತಿರುಗಿಸಿ, ಆಮೇಲೆ ವಿಲೋಮ ಮಾಡಿದರೆ ಆಯತ ನಿಜಕ್ಕೂ ಮರಳಿ ಬರುತ್ತದೆ. ಅಳೆದ ಪಟ್ಟಿಗಳು ಎರಡೋ ಮೂರೋ ಆದರೆ ಅದರ ಅಂಚುಗಳು ದುಂಡಗಾಗಿ, ಮೇಲ್ಮೈ ಅಲೆಅಲೆಯಾಗಿ ಬರುತ್ತದೆ, ಏಕೆಂದರೆ ಚೂಪಾದ ಅಂಚಿನ ಸುದ್ದಿ ದೂರದ ಮಂಕು ಪಟ್ಟಿಗಳಲ್ಲಿ ಇರುತ್ತದೆ.

ಎಡಬಲ ಸಮಾನವಲ್ಲದ ಗಂಡಿಗೆ ಈ ಉಪಾಯ ನಡೆಯುವುದಿಲ್ಲ. ಒಂದು ಆಕಾರವೂ ಅದರ ಕನ್ನಡಿ ಬಿಂಬವೂ ಒಂದೇ ತೀವ್ರತೆಯನ್ನು ಕೊಡುತ್ತವೆ, ಪರದೆ ನೋಡಿ ಯಾವುದೆಂದು ಹೇಳಲಾಗದು. ಎಕ್ಸ್ ಕಿರಣಗಳಿಂದ ಹರಳಿನ ರಚನೆ ಕಂಡುಹಿಡಿಯುವವರು ಎದುರಿಸುವ ಪ್ರಾವಸ್ಥೆಯ ಸಮಸ್ಯೆಯೂ ಇದೇ.

ಮೊದಲ ಕಪ್ಪಿನಿಂದ ಒಂದು ಅಗಲ, ಮೂರನೆಯದರಿಂದ ಇನ್ನೊಂದು ಅಗಲ ಬರುತ್ತಿದೆ. ಯಾವುದು ಸರಿ?

ಮೂರನೆಯದು ಸತ್ಯಕ್ಕೆ ಹತ್ತಿರ. ಸಾಮಾನ್ಯ ಕಾರಣ, ಗಂಡಿಯ ಮೇಲೆ ಬೀಳುವ ಬೆಳಕು ಎಲ್ಲೆಡೆ ಒಂದೇ ಸಮ ಇಲ್ಲದಿರುವುದು. ಲೇಸರ್ ಕಿರಣ ನಡುವೆ ಪ್ರಖರ, ಅಂಚಿಗೆ ಹೋದಂತೆ ಮಂಕು. ಅದರ ವ್ಯಾಸ 0.8 ಮಿಲಿಮೀಟರ್ ಎನ್ನೋಣ, ಅಂದರೆ ಆ ಅಂಚಿನಲ್ಲಿ ತೀವ್ರತೆ ನಡುವಿನದರ ಶೇ 13.5ಕ್ಕೆ ಇಳಿದಿರುತ್ತದೆ. 0.1 ಮಿಲಿಮೀಟರ್ ಗಂಡಿಗೆ ಇದರಿಂದ ತೊಂದರೆಯಿಲ್ಲ. ಗಂಡಿ 0.5 ಮಿಲಿಮೀಟರ್ ಆದರೆ ಅದರ ಅಂಚಿನಲ್ಲಿ ಬೀಳುವ ತೀವ್ರತೆ ನಡುವಿನ ಅರ್ಧಕ್ಕಿಂತ ಕಡಿಮೆ. ಈಗ ರೂಪಾಂತರ ಮಾಡಬೇಕಾದದ್ದು ಆಯತವನ್ನಲ್ಲ, ಭುಜ ಇಳಿದ ಆಕಾರವನ್ನು. ಬೆಳಕಿನ ಮಟ್ಟಿಗೆ ಗಂಡಿ ಕಿರಿದಾದಂತೆ ಆಗುತ್ತದೆ, ಮೊದಲ ಕಪ್ಪು ಸುಮಾರು ಶೇ 8ರಷ್ಟು ಹೊರಕ್ಕೆ ಹೋಗುತ್ತದೆ. ಅದನ್ನು ನಂಬಿದರೆ ಅಗಲ 0.46 ಮಿಲಿಮೀಟರ್ ಎಂದು ಬರುತ್ತದೆ. ಮೂರನೆಯ ಕಪ್ಪು ಶೇ 1ರಷ್ಟು ಮಾತ್ರ ಸರಿಯುತ್ತದೆ, ಏಕೆಂದರೆ ಹೊರಗಿನ ಪಟ್ಟಿಗಳನ್ನು ಕಟ್ಟುವುದು ಮುಖ್ಯವಾಗಿ ಗಂಡಿಯ ಎರಡು ಚೂಪಾದ ಅಂಚುಗಳು, ಅವು ಇದ್ದಲ್ಲಿಯೇ ಇವೆ. ಪರಿಹಾರ: ಎರಡು ಮಸೂರಗಳಿಂದ ಕಿರಣವನ್ನು ಹಿಗ್ಗಿಸಿ, ಅದರ ನಡುಭಾಗವನ್ನು ಮಾತ್ರ ಗಂಡಿಯ ಮೇಲೆ ಬೀಳಿಸಿ.

ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಪಕ್ಕದ ಪಟ್ಟಿಗಳು ಲೆಕ್ಕಕ್ಕಿಂತ ಬಹಳ ಪ್ರಖರವಾಗಿವೆ.

ಲೆಕ್ಕ ಸರಿಯಿದೆ, ಚಿತ್ರ ಮೋಸ ಮಾಡುತ್ತಿದೆ. ಸಾಮಾನ್ಯ ಜೆಪಿಇಜಿ ಚಿತ್ರ ತೀವ್ರತೆಯನ್ನು ನೇರವಾಗಿ ಬರೆಯುವುದಿಲ್ಲ, ಸುಮಾರು 2.2ನೆಯ ಮೂಲ ತೆಗೆದು ಬರೆಯುತ್ತದೆ. 0ರಿಂದ 255ರ ಅಳತೆಯಲ್ಲಿ 12 ಇರಬೇಕಾದ ಮೊದಲ ಪಕ್ಕದ ಪಟ್ಟಿ 64ರ ಆಸುಪಾಸು ತೋರುತ್ತದೆ. ಸಾಲದ್ದಕ್ಕೆ ನಡುವಿನ ಪಟ್ಟಿ 255 ಮುಟ್ಟಿ ಚಪ್ಪಟೆಯಾಗಿದ್ದರೆ ಅನುಪಾತ ಇನ್ನಷ್ಟು ಕೆಡುತ್ತದೆ. ರಾ ಮಾದರಿಯಲ್ಲಿ ಚಿತ್ರ ತೆಗೆಯಿರಿ, ನಡುವಿನ ಪಟ್ಟಿಯ ನೆತ್ತಿ ದುಂಡಗಿದೆಯೇ ಎಂದು ಮೊದಲು ನೋಡಿ. ಕಪ್ಪು ಗೆರೆಗಳ ಸ್ಥಾನವನ್ನಷ್ಟೇ ಅಳೆಯುವುದಾದರೆ ಇದಾವುದೂ ಅಡ್ಡಿಯಲ್ಲ.

ಕಂಪ್ಯೂಟರಿನಲ್ಲಿ ಸೀಳುಗಂಡಿಯ ರೂಪಾಂತರ ಮಾಡಿದರೆ ನಡುವೆ ಒಂದೇ ಒಂದು ಮುಳ್ಳು ಬರುತ್ತದೆ, ಪಟ್ಟಿಗಳೇ ಇಲ್ಲ. ಏಕೆ?

ಗಂಡಿಯ ಸುತ್ತ ಕತ್ತಲೆಯನ್ನು ಕೊಟ್ಟಿರುವುದಿಲ್ಲ. ಗಂಡಿಯಷ್ಟೇ ಅಗಲದ ಸಾಲನ್ನು ರೂಪಾಂತರಕ್ಕೆ ಕೊಟ್ಟರೆ, ಉತ್ತರದ ಬಿಂದುಗಳ ನಡುವಿನ ಅಂತರ ಸರಿಯಾಗಿ `1/a` ಆಗುತ್ತದೆ. ಅಂದರೆ ನಡುವಿನದನ್ನು ಬಿಟ್ಟು ಪ್ರತಿ ಬಿಂದುವೂ ಒಂದೊಂದು ಕಪ್ಪು ಗೆರೆಯ ಮೇಲೆಯೇ ಕೂರುತ್ತದೆ! ಸುತ್ತ ಸೊನ್ನೆಗಳನ್ನು ತುಂಬಿದರೆ ಪಟ್ಟಿಗಳು ಕಾಣಿಸಿಕೊಳ್ಳುತ್ತವೆ.

```python
import numpy as np
N, dx = 16384, 2e-6
a, lam, L = 1e-4, 632.8e-9, 2.0
x = (np.arange(N) - N//2 + 0.5) * dx
t = (np.abs(x) < a/2).astype(float)
E = np.fft.fftshift(np.fft.fft(np.fft.ifftshift(t))) * dx
X = lam * L * np.fft.fftshift(np.fft.fftfreq(N, dx))
I = np.abs(E)**2
```

ಇಲ್ಲಿ ಗಂಡಿಗೆ 50 ಬಿಂದುಗಳು, ಒಟ್ಟು ಸಾಲಿಗೆ 16384. ಪರದೆಯ ಮೇಲೆ 0.04 ಮಿಲಿಮೀಟರಿಗೂ ಕಡಿಮೆ ಅಂತರದಲ್ಲಿ ಬಿಂದುಗಳು ಸಿಗುತ್ತವೆ. `0.5` ಸೇರಿಸಿದ್ದು ಸುಮ್ಮನೆ ಅಲ್ಲ. ಅದಿಲ್ಲದಿದ್ದರೆ ಅಂಚಿನ ಬಿಂದು ಸರಿಯಾಗಿ `a/2` ಮೇಲೆ ಕೂತು, ಗಂಡಿ 49 ಬಿಂದುಗಳದ್ದಾಗಿ, ಅಗಲ ಶೇ 2ರಷ್ಟು ತಪ್ಪುತ್ತದೆ. ಅರ್ಧ ಬಿಂದು ಸರಿಸಿದ್ದರಿಂದ ತೀವ್ರತೆಗೆ ಏನೂ ಆಗುವುದಿಲ್ಲ, ಕಾರಣ ಮೇಲಿನ ಸರಿಸುವ ಪ್ರಶ್ನೆಯಲ್ಲಿದೆ.

ಸೀಳುಗಂಡಿಯ ಬದಲು ಅದೇ ಅಗಲದ ತಂತಿ ಇಟ್ಟರೆ?

ನೇರ ಹಾಯುವ ಕಿರಣದ ಚುಕ್ಕೆಯನ್ನು ಬಿಟ್ಟು ಉಳಿದೆಡೆ ಅದೇ ಪಟ್ಟಿಗಳು. ತಂತಿಯ `t(x)` ಎಂದರೆ ಪೂರ್ತಿ ತೆರೆದ ಕಿರಣದಿಂದ ಗಂಡಿಯನ್ನು ಕಳೆದದ್ದು. ತೆರೆದ ಕಿರಣದ ರೂಪಾಂತರ ನಡುವಿನ ಚುಕ್ಕೆಯಲ್ಲಿಯೇ ಮುಗಿಯುತ್ತದೆ, ಉಳಿದ ಭಾಗ ಋಣ ಚಿಹ್ನೆ ಹೊತ್ತ ಗಂಡಿಯದು. ವರ್ಗ ಮಾಡಿದಾಗ ಚಿಹ್ನೆ ಹೋಗುತ್ತದೆ. ತಲೆಗೂದಲಿನ ದಪ್ಪವನ್ನು ಲೇಸರಿನಿಂದ ಅಳೆಯುವುದು ಇದನ್ನೇ ನಂಬಿ.

ಗಂಡಿ ತರಂಗಾಂತರದಷ್ಟೇ ಕಿರಿದಾದರೆ ಏನಾಗುತ್ತದೆ?

ದೊಡ್ಡ ಕೋನಗಳಿಗೆ `u = X/(λL)` ನಡೆಯುವುದಿಲ್ಲ, `u = sinθ/λ` ಬಳಸಬೇಕು. `sinθ` 1ನ್ನು ಮೀರಲಾರದು, ಆದ್ದರಿಂದ ಬೆಳಕು ದೂರಕ್ಕೆ ಒಯ್ಯಬಲ್ಲ ಅತಿ ಹೆಚ್ಚಿನ ದೈಶಿಕ ಆವೃತ್ತಿ `1/λ`. ಮೊದಲ ಕಪ್ಪಿಗೆ ಬೇಕಾದ ಆವೃತ್ತಿ `1/a`. ಗಂಡಿ 632.8 ನ್ಯಾನೋಮೀಟರಿಗಿಂತ ಕಿರಿದಾದರೆ ಆ ಕಪ್ಪು ಪಟ್ಟಿಗೆ ದಿಕ್ಕೇ ಉಳಿಯುವುದಿಲ್ಲ, ನಡುವಿನ ಪಟ್ಟಿಯೊಂದೇ ಮುಂಭಾಗವನ್ನೆಲ್ಲ ತುಂಬುತ್ತದೆ. ಈ ಅಳತೆಯಲ್ಲಿ `t(x)` ಅನ್ನು 1 ಮತ್ತು 0 ಎಂದು ಬರೆಯುವುದೂ ಸರಿಯಾಗುವುದಿಲ್ಲ. ಗಂಡಿಯ ಗೋಡೆಯ ಲೋಹ, ಅದರ ದಪ್ಪ, ಬೆಳಕಿನ ಧ್ರುವೀಕರಣ ಗಂಡಿಗೆ ಉದ್ದುದ್ದವೋ ಅಡ್ಡವೋ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತವೆ. ಆಗ ಗಂಡಿಯೊಳಗಿನ ಕ್ಷೇತ್ರವನ್ನು ಮ್ಯಾಕ್ಸ್‌ವೆಲ್ ಸಮೀಕರಣಗಳಿಂದಲೇ ಕಂಡುಹಿಡಿಯಬೇಕು. ಅದು ಸಿಕ್ಕ ಮೇಲೆ ದೂರದ ಚಿತ್ರಕ್ಕೆ ಮತ್ತೆ ಅದರ ಫೂರಿಯೆ ರೂಪಾಂತರವನ್ನೇ ತೆಗೆದುಕೊಳ್ಳುತ್ತಾರೆ, ಓರೆ ದಿಕ್ಕುಗಳಿಗೆ ಕೋನವನ್ನು ಅವಲಂಬಿಸಿದ ಗುಣಕವೊಂದನ್ನು ಸೇರಿಸಿ.